200 ಎಂಬಿಪಿಎಸ್ ಇದ್ದರೂ ರಾತ್ರಿ ಪಿಂಗ್ ಏರುವುದೇಕೆ?

ಬೆಂಗಳೂರಿನ ಮನೆಯೊಂದರಲ್ಲಿ ಕೂತು ವ್ಯಾಲೊರಂಟ್ ಆಡುವ ಹುಡುಗಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವಳು ಆಡುವ ಸರ್ವರ್ ಮುಂಬೈಯಲ್ಲಿದೆ. ಬೆಳಗ್ಗೆ ಆರಕ್ಕೆ ಪರದೆಯ ಮೂಲೆಯಲ್ಲಿ ಪಿಂಗ್ 24 ಎಂದು ತೋರಿಸುತ್ತದೆ, ರಾತ್ರಿ ಒಂಬತ್ತೂವರೆಗೆ ಅದೇ ಮೂಲೆಯಲ್ಲಿ 74. ಸರ್ವರ್ ಬದಲಾಗಿಲ್ಲ, ಕಂಪ್ಯೂಟರ್ ಬದಲಾಗಿಲ್ಲ, ಮನೆಗೆ ಬಂದಿರುವ ಫೈಬರ್ ಕೂಡ ಅದೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯವರು ಸ್ಪೀಡ್ ಟೆಸ್ಟ್ ಮಾಡಿಸುತ್ತಾರೆ. 196 ಎಂಬಿಪಿಎಸ್ ಬರುತ್ತದೆ. "ಮೇಡಂ, ಸ್ಪೀಡ್ ಸರಿಯಾಗೇ ಬರ್ತಾ ಇದೆಯಲ್ಲ" ಎಂದು ದೂರು ಮುಚ್ಚುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವಳ ದೂರೂ ಸುಳ್ಳಲ್ಲ. ಇಬ್ಬರೂ ಅಳೆಯುತ್ತಿರುವ ವಸ್ತುಗಳೇ ಬೇರೆ.

ಪಿಂಗ್ ಎಂದರೆ ಒಂದು ಸಣ್ಣ ಪ್ಯಾಕೆಟ್ ಸರ್ವರ್‌ಗೆ ಹೋಗಿ, ಅದರ ಉತ್ತರ ಮರಳಿ ಬರಲು ಹಿಡಿಯುವ ಒಟ್ಟು ಸಮಯ. ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ಇದಕ್ಕೆ ಯಾರೂ ಮುರಿಯಲಾಗದ ಒಂದು ಕೆಳಮಿತಿ ಇದೆ. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರು ಮತ್ತು ಮುಂಬೈ ನಡುವೆ ನೇರ ಗೆರೆ ಎಳೆದರೆ ಸುಮಾರು 850 ಕಿಲೋಮೀಟರ್. ಹೋಗಿ ಬರಲು 1,700 ಕಿಲೋಮೀಟರ್, ಅಂದರೆ ಎಂಟೂವರೆ ಮಿಲಿಸೆಕೆಂಡ್. ಫೈಬರ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ರಸ್ತೆ, ರೈಲು ಹಳಿಗಳ ಪಕ್ಕದಲ್ಲಿ ಊರೂರು ಸುತ್ತಿಕೊಂಡು ಹೋಗುತ್ತದೆ, ನಡುವೆ ಹತ್ತಾರು ಯಂತ್ರಗಳನ್ನು ಹಾದುಹೋಗುತ್ತದೆ. ಅದೆಲ್ಲ ಸೇರಿ 24 ಆಗುವುದು ಸಹಜ. ಈ ಭಾಗ ಹಗಲಿರುಳು ಒಂದೇ.

ಹಾಗಾದರೆ ರಾತ್ರಿ ಸೇರಿಕೊಂಡ 50 ಮಿಲಿಸೆಕೆಂಡ್ ಯಾವುದು? ಅಷ್ಟು ಹೊತ್ತಿನಲ್ಲಿ ಬೆಳಕು ಗಾಜಿನಲ್ಲಿ 10,000 ಕಿಲೋಮೀಟರ್ ಹೋಗಿಬಿಡಬಹುದು. ಮುಂಬೈ ರಾತ್ರಿಯಾದರೆ ಅಷ್ಟು ದೂರ ಸರಿಯುವುದಿಲ್ಲ. ಹಾಗಿದ್ದ ಮೇಲೆ ಪ್ಯಾಕೆಟ್ ಎಲ್ಲೋ ನಿಂತಿರಬೇಕು, ಇಲ್ಲವೇ ಬೇರೆ ದಾರಿ ಹಿಡಿದಿರಬೇಕು. ಹೆಚ್ಚಿನ ಸಲ ನಿಂತಿರುತ್ತದೆ.

ಮೊದಲು 200 ಎಂಬಿಪಿಎಸ್ ಎಂಬ ಮಾತನ್ನು ಪಕ್ಕಕ್ಕಿಡೋಣ. ವ್ಯಾಲೊರಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಓಡಾಡುವ ಪ್ಯಾಕೆಟ್‌ಗಳು ಪುಟ್ಟವು. ಎಲ್ಲ ಕೂಡಿಸಿದರೂ ಒಂದು ಸಾಧಾರಣ ವಿಡಿಯೊ ಕೇಳುವುದರ ಸಣ್ಣ ಪಾಲು ಮಾತ್ರ. ಪ್ಲಾನಿನ ಅಂಕಿ ಹೇಳುವುದು ನಿಮ್ಮ ಮನೆಯ ಕೊನೆಯ ತುಂಡಿನಲ್ಲಿ ಸೆಕೆಂಡಿಗೆ ಎಷ್ಟು ಸರಕು ತುಂಬಬಹುದು ಎಂಬುದನ್ನು. 200 ಎಂಬಿಪಿಎಸ್‌ನಲ್ಲಿ 1,500 ಬೈಟಿನ ದೊಡ್ಡ ಪ್ಯಾಕೆಟ್ ಒಂದನ್ನು ತಂತಿಗೆ ಇಳಿಸಲು 60 ಮೈಕ್ರೊಸೆಕೆಂಡ್ ಬೇಕು, 500ರ ಪ್ಲಾನಿನಲ್ಲಿ 24. ಹೆಚ್ಚು ದುಡ್ಡು ಕೊಟ್ಟು ಉಳಿಸಿದ್ದು 36 ಮೈಕ್ರೊಸೆಕೆಂಡ್. ಅಂದರೆ ಒಂದು ಮಿಲಿಸೆಕೆಂಡಿನ ಸುಮಾರು ಇಪ್ಪತ್ತೆಂಟನೇ ಒಂದು ಭಾಗ. ಪಿಂಗ್ ಇಳಿಸಲೆಂದು ದೊಡ್ಡ ಪ್ಲಾನ್ ಹಾಕಿಸಿಕೊಳ್ಳುವವರಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಮನೆಯ ಗೋಡೆ ದಾಟಿದ ಮೇಲೆ ಎಲ್ಲವೂ ಹಂಚಿಕೆಯದ್ದು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಫೈಬರ್‌ನಲ್ಲಿ ಎರಡೂವರೆ ಗಿಗಾಬಿಟ್‌ನ ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. 64 ಮನೆಗೂ 200 ಎಂಬಿಪಿಎಸ್ ಮಾರಿದರೆ ಮಾರಿದ್ದು 12.8 ಗಿಗಾಬಿಟ್, ಇರುವುದು ಎರಡೂವರೆ. ಇದನ್ನು ಮೋಸ ಎಂದು ಕೂಗಬೇಕಿಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಜಗತ್ತಿನ ಪ್ರತಿಯೊಂದು ಬ್ರಾಡ್‌ಬ್ಯಾಂಡ್ ಜಾಲ ನಿಂತಿದೆ, ಇಲ್ಲದಿದ್ದರೆ ತಿಂಗಳ ಬಿಲ್ಲನ್ನು ಯಾರೂ ಕಟ್ಟಲಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಕಂಪನಿಯ ನಗರದೊಳಗಿನ ಜಾಲ, ಆಮೇಲೆ ಊರಿಂದೂರಿನ ದೊಡ್ಡ ಲಿಂಕ್, ಕೊನೆಗೆ ಕಂಪನಿಯ ಜಾಲ ಮುಗಿದು ಇನ್ನೊಬ್ಬರ ಜಾಲ ಶುರುವಾಗುವ ಜಾಗ. ಈ ಕೊನೆಯದನ್ನು ಪಿಯರಿಂಗ್ ಲಿಂಕ್ ಎನ್ನುತ್ತಾರೆ. ಮುಂಬೈಯ ಡೇಟಾ ಸೆಂಟರುಗಳಲ್ಲಿ, ಇಂಟರ್‌ನೆಟ್ ಎಕ್ಸ್‌ಚೇಂಜ್‌ಗಳಲ್ಲಿ ಇಂಥ ಕೊಂಡಿಗಳು ಬೇಕಾದಷ್ಟಿವೆ. ರಾತ್ರಿಯ ಕತೆ ಬಹಳ ಸಲ ನಡೆಯುವುದು ಇಲ್ಲಿ. ಕಾರಣ ಸರಳ. ಜಾಲದೊಳಗಿನ ಲಿಂಕ್ ತುಂಬಿದರೆ ಅದನ್ನು ದೊಡ್ಡದು ಮಾಡುವ ತೀರ್ಮಾನ ಒಂದೇ ಕಂಪನಿಯದು. ಎರಡು ಕಂಪನಿಗಳ ನಡುವಿನ ಲಿಂಕ್ ತುಂಬಿದರೆ ಹೊಸ ಪೋರ್ಟಿನ ಖರ್ಚು ಯಾರದು ಎಂಬ ಚೌಕಾಸಿ ಮುಗಿಯಬೇಕು.

ಆ ಲಿಂಕ್ 10 ಗಿಗಾಬಿಟ್‌ನದು ಎಂದಿಟ್ಟುಕೊಳ್ಳಿ. ಎಚ್‌ಡಿ ವಿಡಿಯೊಗೆ ಮನೆಗೆ 5 ಎಂಬಿಪಿಎಸ್ ಎಂದು ಹಿಡಿದರೆ 2,000 ಮನೆಗಳು ಒಟ್ಟಿಗೆ ನೋಡುವಾಗ ಲಿಂಕ್ ಸರಿಯಾಗಿ ತುಂಬಿತು. ಬರುವ ಪ್ಯಾಕೆಟ್‌ಗಳು ಹೊರಹೋಗುವುದಕ್ಕಿಂತ ಹೆಚ್ಚಾದರೆ ರೂಟರ್ ಅವನ್ನು ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆ ನೆನಪಿಗೆ ಬಫರ್ ಎಂದು ಹೆಸರು.

ಕೆರೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ತೂಬಿನಿಂದ ಹೊರಗೆ ಹೋಗುವ ನೀರು ಇಷ್ಟೇ ಎಂದು ನಿಗದಿ. ಒಳಹರಿವು ಅದಕ್ಕಿಂತ ಕಡಿಮೆ ಇದ್ದಷ್ಟು ಕಾಲ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ, ಬಂದದ್ದು ಬಂದಂತೆ ಹೊರಟುಹೋಗುತ್ತದೆ. ಒಳಹರಿವು ತುಸು ಮೀರಿದರೂ ಸಾಕು, ಮಟ್ಟ ಏರುತ್ತಲೇ ಹೋಗಿ ಕೊನೆಗೆ ಕೋಡಿ ಬೀಳುತ್ತದೆ. ಕೋಡಿ ಬಿದ್ದ ಮೇಲೆ ಮಟ್ಟ ಮತ್ತೆ ಏರುವುದಿಲ್ಲ, ಮಳೆ ನಿಲ್ಲುವವರೆಗೆ ಇಳಿಯುವುದೂ ಇಲ್ಲ.

ಈಗ ಲೆಕ್ಕ ನೋಡಿ. 10 ಗಿಗಾಬಿಟ್ ಲಿಂಕ್ ಸೆಕೆಂಡಿಗೆ 125 ಕೋಟಿ ಬೈಟ್ ಹೊರಹಾಕುತ್ತದೆ. ಬಫರಿನಲ್ಲಿ 6.25 ಕೋಟಿ ಬೈಟ್ ಹಿಡಿಯುವಷ್ಟು ಜಾಗವಿದ್ದರೆ, ಅದು ತುಂಬಿರುವಾಗ ಹೊಸದಾಗಿ ಬಂದ ಪ್ಯಾಕೆಟ್ ತನ್ನ ಮುಂದಿನದೆಲ್ಲ ಖಾಲಿಯಾಗುವವರೆಗೆ 50 ಮಿಲಿಸೆಕೆಂಡ್ ಕಾಯಬೇಕು. ನಮ್ಮ ಹುಡುಗಿಯ ಪಿಂಗ್‌ಗೆ ಸೇರಿಕೊಂಡದ್ದು ಇದೇ 50. ಇನ್ನು ತುಂಬಲು ಎಷ್ಟು ಹೊತ್ತು? 2,000 ಮನೆಗಳ ಮೇಲೆ ಇನ್ನು 20 ಮನೆ ಟಿವಿ ಹಾಕಿದವು ಎನ್ನಿ. ಒಳಹರಿವು ಶೇಕಡಾ ಒಂದರಷ್ಟು ಮೀರಿತು, ಅಂದರೆ ಸೆಕೆಂಡಿಗೆ 1.25 ಕೋಟಿ ಬೈಟ್ ಉಳಿಯುತ್ತಾ ಹೋಯಿತು. ಐದು ಸೆಕೆಂಡಿಗೆ ಬಫರ್ ಭರ್ತಿ.

ಲಿಂಕ್ ಶೇಕಡಾ 90 ತುಂಬಿದ್ದಾಗಲೂ ಹೀಗೇ ಸ್ವಲ್ಪ ಕಾಯಬೇಕಾಗುವುದಿಲ್ಲವೇ ಎಂದು ಕೇಳಬಹುದು. ಪಠ್ಯಪುಸ್ತಕದ ಸರಳ ಲೆಕ್ಕದ ಪ್ರಕಾರ ಆಗ ಸರಾಸರಿ ಒಂಬತ್ತು ಪ್ಯಾಕೆಟ್ ಸಾಲಿನಲ್ಲಿರುತ್ತವೆ, ಶೇಕಡಾ 99ಕ್ಕೆ 99. ಕೇಳಲು ಭಯಂಕರ. ಆದರೆ 10 ಗಿಗಾಬಿಟ್ ಲಿಂಕಿನಲ್ಲಿ ಒಂದು ದೊಡ್ಡ ಪ್ಯಾಕೆಟ್ ದಾಟಲು ಬೇಕಾದದ್ದು 1.2 ಮೈಕ್ರೊಸೆಕೆಂಡ್. 99 ನಿಂತರೂ ಮಿಲಿಸೆಕೆಂಡಿನ ಎಂಟನೇ ಒಂದು ಭಾಗ. ನಿಜ ಜೀವನದ ಸರಕು ಪಠ್ಯಪುಸ್ತಕದಷ್ಟು ಸಮವಾಗಿ ಬರುವುದಿಲ್ಲ, ದಂಡುದಂಡಾಗಿ ಬರುತ್ತದೆ. ಆದರೂ ದೊಡ್ಡ ಲಿಂಕ್‌ಗಳಲ್ಲಿ ತುಂಬುವ ತನಕ ಆಡುವವರಿಗೆ ಏನೂ ಗೊತ್ತಾಗುವುದಿಲ್ಲ. ತುಂಬಿದ ಕೂಡಲೇ ಎಲ್ಲವೂ ಒಮ್ಮೆಲೇ ಗೊತ್ತಾಗುತ್ತದೆ. ಅದಕ್ಕೇ ರಾತ್ರಿಯ ಪಿಂಗಿನ ಗ್ರಾಫ್ ಬರೆದರೆ ಅದು ಗುಡ್ಡದಂತೆ ನಿಧಾನವಾಗಿ ಏರಿ ಇಳಿಯುವುದಿಲ್ಲ. ಎಂಟು ಗಂಟೆಯ ಹೊತ್ತಿಗೆ ಗೋಡೆಯಂತೆ ಏರಿ, ಮೂರು ತಾಸು ತಲೆ ಚಪ್ಪಟೆಯಾಗಿ ನಿಂತು, ಹನ್ನೊಂದರ ಸುಮಾರಿಗೆ ಮತ್ತೆ ಗೋಡೆಯಂತೆ ಇಳಿಯುತ್ತದೆ. ಆ ಚಪ್ಪಟೆ ತಲೆಯ ಎತ್ತರ ಎಷ್ಟು ಜನ ವಿಡಿಯೊ ನೋಡುತ್ತಿದ್ದಾರೆ ಎಂಬುದನ್ನು ಹೇಳುವುದಿಲ್ಲ, ರೂಟರಿನ ಬಫರ್ ಎಷ್ಟು ದೊಡ್ಡದು ಎಂಬುದನ್ನು ಹೇಳುತ್ತದೆ.

ಮೂರು ತಾಸು ಒಂದೇ ಸಮ ತುಂಬಿಯೇ ಇರುವುದೇಕೆ ಎಂಬುದಕ್ಕೆ ಸ್ವಲ್ಪ ಹಳೆಯ ಕತೆ ಹೇಳಬೇಕು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸುಮಾರು 400 ಗಜ ಅಂತರದ ಎರಡು ಜಾಗಗಳ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ತಲುಪದ ಪ್ಯಾಕೆಟ್‌ಗಳನ್ನು ಎಲ್ಲ ಯಂತ್ರಗಳೂ ಮತ್ತೆ ಮತ್ತೆ ಕಳಿಸುತ್ತಾ ಜಾಲವನ್ನು ತಾವೇ ಉಸಿರುಗಟ್ಟಿಸಿದ್ದವು. ಅಲ್ಲಿನ ವ್ಯಾನ್ ಜೇಕಬ್ಸನ್ ಇದಕ್ಕೆ ಹುಡುಕಿದ ಪರಿಹಾರವನ್ನು 1988ರಲ್ಲಿ ಪ್ರಕಟಿಸಿದರು. ಕಳಿಸುವವನು ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಹೋಗಬೇಕು, ಪ್ಯಾಕೆಟ್ ಕಳೆದುಹೋದದ್ದು ಗೊತ್ತಾದ ತಕ್ಷಣ ಇಳಿಸಬೇಕು, ಮತ್ತೆ ಏರಿಸಬೇಕು. ಟಿಸಿಪಿ ಎಂಬ ನಿಯಮಾವಳಿಯಲ್ಲಿ ಇಂದಿಗೂ ಈ ತತ್ವ ಉಸಿರಾಡುತ್ತಿದೆ. ಇಂಟರ್‌ನೆಟ್ ಉಳಿದದ್ದು ಇದರಿಂದ. ಆದರೆ ಇದರ ಅರ್ಥವನ್ನು ಗಮನಿಸಿ. ಪ್ಯಾಕೆಟ್ ಬೀಳುವವರೆಗೆ ಕಳಿಸುವವನಿಗೆ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಪ್ಯಾಕೆಟ್ ಬೀಳುವುದು ಬಫರ್ ತುಂಬಿದ ಮೇಲೆ. ಸಾವಿರಾರು ಮನೆಗಳ ವಿಡಿಯೊ, ಡೌನ್‌ಲೋಡುಗಳು ಹೀಗೆ ಕೋಡಿಯ ಮಟ್ಟವನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇರುತ್ತವೆ. ಎಲ್ಲವೂ ಒಟ್ಟಿಗೆ ಹಿಂದೆ ಸರಿಯುವುದಿಲ್ಲ. ಒಂದು ಸರಿದಾಗ ಇನ್ನೊಂದು ಏರುತ್ತದೆ. ಹಾಗಾಗಿ ಮಟ್ಟ ತುಂಬಿದ ಹಾಗೇ ಇರುತ್ತದೆ.

ಟಿವಿ ನೋಡುವವರಿಗೆ ಇದರ ಬಿಸಿ ತಟ್ಟುವುದೇ ಇಲ್ಲ. ಮುಂದಿನ ಕೆಲವು ಸೆಕೆಂಡುಗಳ ಚಿತ್ರ ಮೊದಲೇ ಬಂದು ಕೂತಿರುತ್ತದೆ. ಹೆಚ್ಚೆಂದರೆ ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಯುತ್ತದೆ. ಆಟಕ್ಕೆ ಮುಂದಿನ ಐದು ಸೆಕೆಂಡು ಮೊದಲೇ ಸಿಗುವಂತಿಲ್ಲ, ಅದು ಇನ್ನೂ ನಡೆದೇ ಇಲ್ಲ. ಕೋಡಿ ಬಿದ್ದಾಗ ಚೆಲ್ಲಿಹೋಗುವ ಪ್ಯಾಕೆಟ್‌ಗಳಲ್ಲಿ ಆಟದ್ದೂ ಇರುತ್ತವೆ. ಸೆಕೆಂಡಿಗೆ 128ರಲ್ಲಿ ಶೇಕಡಾ ಒಂದು ಹೋದರೂ ಪ್ರತಿ ಸೆಕೆಂಡೂ ಒಂದಾದರೂ ಕಾಣೆ. ಎದುರಾಳಿ ಗೋಡೆಯ ಹಿಂದಿನಿಂದ ಒಮ್ಮೆಲೇ ಪ್ರತ್ಯಕ್ಷವಾಗುವುದು, ಹೊಡೆದ ಗುಂಡು ತಗಲದೇ ಹೋಗುವುದು ಈ ಕಾರಣಕ್ಕೆ. 74 ಪಿಂಗಿನಲ್ಲಿ ಆಡಬಹುದು, ಕೈ ಒಗ್ಗುತ್ತದೆ. ತಾಳ್ಮೆ ಕೆಡಿಸುವುದು ಈ ನಷ್ಟ.

ಎರಡು ಕಂಪನಿಗಳ ನಡುವಿನ ಲಿಂಕ್ ಹೀಗೆ ದಿನವೂ ತುಂಬುತ್ತದೆ ಎಂಬುದಕ್ಕೆ ಚೆನ್ನಾಗಿ ದಾಖಲಾದ ಪ್ರಸಂಗ ಅಮೆರಿಕದ್ದು. 2013ರ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ದೊಡ್ಡ ಬ್ರಾಡ್‌ಬ್ಯಾಂಡ್ ಕಂಪನಿ ಕಾಮ್‌ಕಾಸ್ಟ್‌ಗೂ, ನೆಟ್‌ಫ್ಲಿಕ್ಸ್‌ನ ಸರಕು ಹೊರುತ್ತಿದ್ದ ಕೋಜೆಂಟ್‌ಗೂ ನಡುವಿನ ಲಿಂಕ್‌ಗಳು ಸಂಜೆಯಾದರೆ ತುಂಬುತ್ತಿದ್ದವು. ಪೋರ್ಟ್ ಹೆಚ್ಚಿಸುವ ಖರ್ಚು ಯಾರದು ಎಂಬ ಜಗಳ ನಡೆದಿತ್ತು. 2014ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೊಟ್ಟು ಕಾಮ್‌ಕಾಸ್ಟ್‌ಗೆ ನೇರ ಸಂಪರ್ಕ ಪಡೆಯಿತು. ಕ್ಯಾಲಿಫೋರ್ನಿಯಾದ ಕೈಡಾ ಎಂಬ ಸಂಶೋಧನಾ ಕೇಂದ್ರ ಮತ್ತು ಎಂಐಟಿಯ ಸಂಶೋಧಕರು ಆ ಕಾಲದ ಲಿಂಕ್‌ಗಳನ್ನು ಅಳೆಯುತ್ತಿದ್ದರು. ವಿಧಾನ ಬಹಳ ಚೊಕ್ಕ. ಲಿಂಕಿನ ಈ ಬದಿಯ ರೂಟರಿಗೂ ಆ ಬದಿಯ ರೂಟರಿಗೂ ದಿನವಿಡೀ ಪಿಂಗ್ ಕಳಿಸುತ್ತಿರುವುದು. ಈ ಬದಿಯದು ಹಗಲಿರುಳು ಸಮವಾಗಿದ್ದು ಆ ಬದಿಯದು ಮಾತ್ರ ಸಂಜೆ ಏರಿದರೆ, ಸಾಲು ನಿಂತಿರುವುದು ಎರಡರ ನಡುವೆ. ಅವರ ಗ್ರಾಫಿನಲ್ಲಿ ದಿನವೂ ಕಾಣುತ್ತಿದ್ದ ಏರಿಕೆ ಫೆಬ್ರವರಿಯ ಒಪ್ಪಂದದ ನಂತರ ಮಾಯವಾಯಿತು. ಗ್ರಾಹಕರ ಪ್ಲಾನು ಅದೇ, ಮನೆಯ ವೈರು ಅದೇ.

ಇದೇ ಉಪಾಯವನ್ನು ನಮ್ಮ ಹುಡುಗಿ ಮನೆಯಲ್ಲೇ ಮಾಡಬಹುದು. ಮೊದಲು ವೈಫೈ ಬಿಟ್ಟು ಕೇಬಲ್ ಹಾಕಬೇಕು. ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋದರೆ ಆಟ ಯಾವ ವಿಳಾಸದೊಡನೆ ಮಾತಾಡುತ್ತಿದೆ ಎಂಬುದು ಕಾಣುತ್ತದೆ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಎರಡು ಸಾಲು. ಎರಡನೆಯದರಲ್ಲಿ ಚುಕ್ಕಿಗಳ ಜಾಗಕ್ಕೆ ಆ ವಿಳಾಸ ಬರೆಯಬೇಕು:

```
ping -n 100 192.168.1.1
tracert -d ...
```

ಮೊದಲನೆಯದು ಮನೆಯ ರೂಟರಿಗೆ ನೂರು ಸಲ ಪಿಂಗ್ ಮಾಡುತ್ತದೆ (ಕೆಲವು ಮನೆಗಳಲ್ಲಿ ರೂಟರಿನ ವಿಳಾಸ ಬೇರೆ ಇರುತ್ತದೆ). ಎರಡನೆಯದು ದಾರಿಯಲ್ಲಿ ಸಿಗುವ ಒಂದೊಂದು ರೂಟರಿನ ಸಮಯವನ್ನೂ ತೋರಿಸುತ್ತದೆ. ಆಟದ ಸರ್ವರ್ ತಾನೇ ಉತ್ತರ ಕೊಡದಿರಬಹುದು. ಅದರ ಹತ್ತಿರದವರೆಗೆ ಸಿಕ್ಕರೆ ಸಾಕು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮಾಡಿ ಪಕ್ಕಪಕ್ಕ ಇಡಬೇಕು. ಅವಳಿಗೆ ಸಿಕ್ಕದ್ದು ಹೀಗಿರಬಹುದು: ಮನೆಯ ರೂಟರ್ ಬೆಳಗ್ಗೆ 1, ರಾತ್ರಿ 1. ಕಂಪನಿಯ ಮೊದಲ ಯಂತ್ರ 4, ರಾತ್ರಿ 5. ಮುಂಬೈಯಲ್ಲಿರುವ ಕಂಪನಿಯ ಕೊನೆಯ ರೂಟರ್ 21, ರಾತ್ರಿ 22. ಅದರ ಮುಂದಿನದು, ಬೇರೆ ಜಾಲದ್ದು, ಬೆಳಗ್ಗೆ 23. ರಾತ್ರಿ 73. ಅಲ್ಲಿಂದ ಮುಂದಿನ ಎಲ್ಲವೂ ಎಪ್ಪತ್ತರ ಮೇಲೆಯೇ. ಸಾಲು ಎಲ್ಲಿದೆ ಎಂದು ಕೇಳಬೇಕಿಲ್ಲ.

ಓದುವಾಗ ಎರಡು ಎಚ್ಚರ ಬೇಕು. ನಡುವಿನ ಯಾವುದೋ ಒಂದು ರೂಟರ್ ಮಾತ್ರ 150 ತೋರಿಸಿ ಅದರ ಮುಂದಿನವು ಮತ್ತೆ 24ಕ್ಕೆ ಇಳಿದರೆ ಅದು ದೋಷವಲ್ಲ. ಪಿಂಗ್‌ಗೆ ಉತ್ತರ ಬರೆಯುವುದು ರೂಟರಿಗೆ ಪುರಸೊತ್ತಾದಾಗ ಮಾಡುವ ಕೆಲಸ. ಇದರ ಚಿತ್ರ ತೆಗೆದು ಕಳಿಸಿ ಕಂಪನಿಯವರೊಡನೆ ಜಗಳಕ್ಕೆ ನಿಲ್ಲುವವರು ಬಹಳ. ಕಂಪನಿಯ ಎಂಜಿನಿಯರ್ ನಕ್ಕು ಸುಮ್ಮನಾಗುತ್ತಾನೆ. ಎರಡನೆಯದು, ಸಂಜೆಯ ಸರಕು ಹರಿಯುವುದು ಹೆಚ್ಚಾಗಿ ಮನೆಗಳ ಕಡೆಗೆ. ಆದ್ದರಿಂದ ತುಂಬಿರುವುದು ಹೋಗುವ ದಿಕ್ಕಲ್ಲ, ಬರುವ ದಿಕ್ಕು. ಆ ಬದಿಯ ರೂಟರಿನ ಉತ್ತರ ತುಂಬಿದ ಸಾಲಿನಲ್ಲಿ ನಿಂತು ಬರುತ್ತದೆ, ಈ ಬದಿಯ ರೂಟರಿನ ಉತ್ತರಕ್ಕೆ ಆ ಸಾಲೇ ಎದುರಾಗುವುದಿಲ್ಲ. ಹಾಗಾಗಿಯೇ ಏರಿಕೆ ಕೊಂಡಿಯ ಆಚೆ ಕಾಣುತ್ತದೆ. ಬರುವ ದಾರಿ ಹೋಗುವ ದಾರಿಗಿಂತ ಬೇರೆಯೇ ಇರುವುದೂ ಉಂಟು, ಆಗ ಈ ಪಟ್ಟಿ ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಸ್ಪೀಡ್ ಟೆಸ್ಟ್ ಏಕೆ ಕಂಡುಹಿಡಿಯಲಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಅದು ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ, ಬಹಳ ಸಲ ಅದು ಅದೇ ಕಂಪನಿಯ ಜಾಲದೊಳಗೇ ಇರುತ್ತದೆ. ತುಂಬಿದ ಕೊಂಡಿಯನ್ನು ಆ ಪರೀಕ್ಷೆ ದಾಟುವುದೇ ಇಲ್ಲ.

ಸಾಲು ನಿಲ್ಲದೆಯೂ ಪಿಂಗ್ ಏರುವ ಇನ್ನೊಂದು ಬಗೆ ಇದೆ, ದಾರಿಯೇ ಬದಲಾಗುವುದು. ಒಂದು ಕೊಂಡಿ ತುಂಬುತ್ತಿದೆ ಎಂದು ಕಂಪನಿ ಸಂಜೆಯ ಸರಕನ್ನು ಬೇರೆ ಕಡೆಗೆ ತಿರುಗಿಸಬಹುದು. ಜಾಲಗಳ ನಡುವೆ ದಾರಿ ಆರಿಸುವ ಬಿಜಿಪಿ ಎಂಬ ವ್ಯವಸ್ಥೆ ವಿಳಂಬವನ್ನು ನೋಡುವುದೇ ಇಲ್ಲ. ಅದು ನೋಡುವುದು ಎಷ್ಟು ಜಾಲ ದಾಟಬೇಕು, ಯಾರೊಡನೆ ಎಂಥ ಒಪ್ಪಂದವಿದೆ ಎಂಬುದನ್ನು. ಬೆಂಗಳೂರಿನಿಂದ ಮುಂಬೈಗೆ ಹೊರಟ ಪ್ಯಾಕೆಟ್ ಹೋಗುವಾಗಲೂ ಬರುವಾಗಲೂ ಸಿಂಗಪುರ ಸುತ್ತಿದರೆ ನೇರ ಗೆರೆಯ ಲೆಕ್ಕದಲ್ಲೇ 70 ಮಿಲಿಸೆಕೆಂಡ್ ದಾಟುತ್ತದೆ. ಇದನ್ನು ಗುರುತಿಸುವುದು ಸುಲಭ. ಎಲ್ಲ ಪಿಂಗ್‌ಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆ, ನಷ್ಟ ಇಲ್ಲ, ದಾರಿಯ ಪಟ್ಟಿಯಲ್ಲಿ ಬೆಳಗ್ಗೆ ಇಲ್ಲದ ವಿಳಾಸಗಳು.

ಮನೆಯೊಳಗಿನ ಕಾರಣಗಳನ್ನು ಮೊದಲೇ ತಳ್ಳಿಹಾಕಿದ್ದು ಕೇಬಲ್ ಹಾಕಿಸಿ. ಕೇಬಲ್ ಇಲ್ಲದೆ ಮನೆಯ ರೂಟರಿಗೇ ಮಾಡಿದ ನೂರು ಪಿಂಗ್‌ಗಳಲ್ಲಿ ಕನಿಷ್ಠ 1, ಗರಿಷ್ಠ 90 ಎಂದು ಬಂದರೆ ಅದು ವೈಫೈ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, ಅಪಾರ್ಟ್‌ಮೆಂಟಿನ ಅಷ್ಟೂ ಮನೆ ಅವನ್ನೇ ಹಂಚಿಕೊಳ್ಳಬೇಕು, ಅವರೆಲ್ಲ ಮನೆಗೆ ಬರುವುದು ಸಂಜೆಯೇ. ಇನ್ನೊಂದು, ಮನೆಯದೇ ಪುಟ್ಟ ಬಫರ್. ಅಪ್‌ಲೋಡ್ 20 ಎಂಬಿಪಿಎಸ್ ಇದ್ದು ರೂಟರಿನಲ್ಲಿ ಹತ್ತು ಲಕ್ಷ ಬೈಟಿನ ಬಫರ್ ಇದ್ದರೆ, ಯಾರದೋ ಮೊಬೈಲ್ ಫೋಟೊಗಳನ್ನು ಕ್ಲೌಡಿಗೆ ಏರಿಸುವಾಗ 400 ಮಿಲಿಸೆಕೆಂಡ್ ಸಾಲು ನಿಲ್ಲುತ್ತದೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಪತ್ತೆಹಚ್ಚಿ ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಸೇರಿ ಕೋಡೆಲ್ ಎಂಬ ಮದ್ದು ಕೊಟ್ಟರು. ಸಾಲು ಎಷ್ಟು ಉದ್ದ ಎಂದು ನೋಡದೆ ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡಿ, ಬಫರ್ ತುಂಬುವ ಮೊದಲೇ ಒಂದೆರಡನ್ನು ಬೀಳಿಸಿ ಕಳಿಸುವವನನ್ನು ಎಚ್ಚರಿಸುವುದು ಅದರ ಕೆಲಸ. ಒಳ್ಳೆಯ ರೂಟರುಗಳಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ವೇಗವನ್ನು ಪ್ಲಾನಿಗಿಂತ ಐದು ಹತ್ತು ಶೇಕಡಾ ಕೆಳಗೆ ಕಟ್ಟಿಹಾಕಬೇಕು. ಸಾಲು ಮನೆಯಲ್ಲಿದ್ದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬೈಯಲ್ಲಿದ್ದರೆ ಏನೂ ಮಾಡಲಾರದು.

ಮುಂಬೈಯ ಸಾಲಿಗೆ ಮದ್ದು ಇರುವುದು ಕಂಪನಿಗಳ ಕೈಯಲ್ಲಿ. ವ್ಯಾಲೊರಂಟ್ ಮಾಡಿದ ರಾಯಟ್ ಗೇಮ್ಸ್ 2014ರ ಸುಮಾರಿಗೆ ಅಮೆರಿಕದಲ್ಲಿ ರಾಯಟ್ ಡೈರೆಕ್ಟ್ ಎಂಬ ತನ್ನದೇ ಜಾಲ ಕಟ್ಟಲು ಶುರುಮಾಡಿದ್ದು ಇಂಥ ತೊಂದರೆ ತಪ್ಪಿಸಲು. ಊರೂರಿನ ಡೇಟಾ ಸೆಂಟರುಗಳಲ್ಲಿ ತನ್ನ ರೂಟರ್ ಇಟ್ಟು ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತೆ ನೇರ ಪಿಯರಿಂಗ್ ಮಾಡಿಕೊಂಡಿತು. ಆಟದ ಪ್ಯಾಕೆಟ್ ವಿಡಿಯೊ ಹೊರುವ ಕೊಂಡಿಯ ಬಳಿಗೇ ಹೋಗದಿದ್ದರೆ ಅದು ತುಂಬಿದ್ದರೂ ಚಿಂತೆ ಇಲ್ಲ. ಗೇಮರ್‌ಗಳಿಗೆಂದೇ ಮಾರುವ ವಿಪಿಎನ್‌ಗಳು ಕೆಲವರಿಗೆ ಪಿಂಗ್ ಇಳಿಸಿಕೊಡುವುದೂ ಇದೇ ಕಾರಣಕ್ಕೆ. ಅವು ಪ್ಯಾಕೆಟನ್ನು ಬೇರೆ ಕೊಂಡಿಯ ಮೂಲಕ ದಾಟಿಸುತ್ತವೆ. ಬೆಳಗ್ಗೆ ಅದೇ ವಿಪಿಎನ್ ಹಾಕಿದರೆ ಪಿಂಗ್ ಎರಡು ಮೂರು ಹೆಚ್ಚೇ ಆಗುತ್ತದೆ. ದುಡ್ಡು ಕೊಡುವ ಮೊದಲು ರಾತ್ರಿ ಒಂಬತ್ತಕ್ಕೇ ಅದರ ಉಚಿತ ಅವಧಿಯಲ್ಲಿ ಆಡಿ ನೋಡುವುದು ಜಾಣತನ.

ದೂರು ಕೊಡುವುದಾದರೆ ಸ್ಪೀಡಿನ ಮಾತೇ ಎತ್ತಬಾರದು. ಬೆಳಗ್ಗಿನ ಮತ್ತು ರಾತ್ರಿಯ ಎರಡು tracert ಪಟ್ಟಿ, ಅವುಗಳ ಸಮಯ, ಏರಿಕೆ ಶುರುವಾಗುವ ಎರಡು ವಿಳಾಸಗಳು, ಮತ್ತು ಇದು ವಾರವಿಡೀ ಅದೇ ಹೊತ್ತಿಗೆ ಆಗುತ್ತಿದೆ ಎಂಬ ಒಂದು ಸಾಲು. ಇಷ್ಟನ್ನು ಬರಹದಲ್ಲಿ ಕಳಿಸಿ, ನೆಟ್‌ವರ್ಕ್ ವಿಭಾಗಕ್ಕೆ ದಾಟಿಸಿ ಎಂದು ಕೇಳಬೇಕು. ಮೊದಲು ಫೋನ್ ಎತ್ತುವವರ ಕೈಯಲ್ಲಿ ಮುಂಬೈಯ ಪೋರ್ಟ್ ಇರುವುದಿಲ್ಲ. ಆದರೆ ಆ ಎರಡು ವಿಳಾಸ ನೋಡಿದ ಎಂಜಿನಿಯರಿಗೆ ಯಾವ ಪೋರ್ಟಿನ ಗ್ರಾಫ್ ತೆರೆಯಬೇಕು ಎಂದು ತಕ್ಷಣ ಗೊತ್ತಾಗುತ್ತದೆ.